ಹನ್ನೊಂದು ಫೋನುಗಳಲ್ಲಿ ಒಂದೇ ಹಾಡು

ಈ ಸಂಗತಿಯನ್ನು ನಾನು ಇಬ್ಬರಿಗೆ ಎರಡು ಥರ ಹೇಳಿದ್ದೇನೆ. ತಂಗಿಗೆ ಹೇಳಿದ್ದರಲ್ಲಿ ನಾನು ಮೋಸಹೋದವಳು. ಕೆಲಸ ಮಾಡುವ ಅಂಗಡಿಯ ಯಜಮಾನರಿಗೆ ಹೇಳಿದ್ದರಲ್ಲಿ ಅದೊಂದು ತಮಾಷೆ. ಇದು ಮೂರನೆಯದು. ಇದರಲ್ಲಿ ನಾನು ಎಲ್ಲಾದರೂ ಒಳ್ಳೆಯವಳಾಗಿ ಕಂಡರೆ ಅಷ್ಟು ಭಾಗವನ್ನು ಓದುವವರು ನಂಬಬೇಕಿಲ್ಲ. ನೆನಪು ನನ್ನ ಕಡೆಯ ವಕೀಲ. ಅದು ಬೇರೆಯವರ ಕೇಸು ಹಿಡಿದದ್ದು ನಾನು ಕಂಡಿಲ್ಲ.

ಬಳ್ಳಾರಿಯಲ್ಲಿ ನಾನಿರುವ ಕೋಣೆಯ ಕೆಳಗೆ ಜೀನ್ಸ್ ಹೊಲಿಯುವ ಯೂನಿಟ್ ಇದೆ. ಹಗಲೆಲ್ಲ ಮಷೀನುಗಳ ಸದ್ದು ನೆಲದಿಂದ ಅಂಗಾಲಿಗೆ ಹತ್ತುತ್ತದೆ. ನಾನು ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ: ಹುಟ್ಟುಹಬ್ಬದ ಶುಭಾಶಯ, ಗೃಹಪ್ರವೇಶ, ಶ್ರದ್ಧಾಂಜಲಿ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಹಾಡು ಕಟ್ಟುತ್ತೇನೆ. ಮೊದಲನೆಯ ಹಾಡು ಆ ಮಷೀನುಗಳ ಸದ್ದಿನಿಂದಲೇ ಹುಟ್ಟಿತು. ಫೋನನ್ನು ನೆಲದ ಮೇಲೆ ಬೋರಲು ಹಾಕಿ ಸದ್ದು ಹಿಡಿದೆ, ಅದೇ ತಾಳವಾಯಿತು. ಮೇಲೆ ನನ್ನ ದನಿ. ಬಟ್ಟೆಗೆ ಡೈ ಮಾಡುವ ಹೆಣ್ಣುಮಗಳೊಬ್ಬಳ ಕೈಗೆ ಹತ್ತಿದ ನೀಲಿ ಅವಳ ಮನೆಯ ಕದ, ಕೊಡ, ಕೂಸು, ಎಲ್ಲಕ್ಕೂ ಹತ್ತುತ್ತಾ ಹೋಗುವ ಹಾಡು. ಪಲ್ಲವಿ ಎರಡು ಸಲ ಒಂದೇ ಥರ ಬರುವುದಿಲ್ಲ. ಪ್ರತಿ ಸಲ ಒಂದು ಪದ ಉದುರಿಸಿಕೊಂಡು ಬರುತ್ತದೆ, ಕೊನೆಗೆ ಬರೀ 'ನೀಲಿ' ಉಳಿಯುತ್ತದೆ. ಇದು ನನ್ನದೇ ಯೋಚನೆ. ಇದನ್ನು ಒತ್ತಿ ಹೇಳಲು ಕಾರಣವಿದೆ.

ರೆಕಾರ್ಡಿಂಗಿಗೆ ಹೋದದ್ದು ನಮ್ಮ ಅಂಗಡಿಯಿಂದ ಎರಡು ರಸ್ತೆ ಆಚೆ ಇರುವ ಸ್ಟುಡಿಯೋಕ್ಕೆ. ಸ್ಟುಡಿಯೋ ಎಂದರೆ ಒಂದು ಕೋಣೆ, ಗೋಡೆಗೆ ಹಳೇ ಹಾಸಿಗೆಯ ಸ್ಪಂಜು, ಒಂದು ಒಳ್ಳೆಯ ಮೈಕು. ನಡೆಸುವವನು ನನ್ನ ವಯಸ್ಸಿನವನೇ. ಮದುವೆ ಆರ್ಕೆಸ್ಟ್ರಾಗಳಿಗೆ ಕೀಬೋರ್ಡ್ ನುಡಿಸುತ್ತಿದ್ದವನು. ಕೈ ಚಳಕ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ನನ್ನ ಮಷೀನ್ ಸದ್ದನ್ನು ಅವನು ಎಷ್ಟು ಚೆನ್ನಾಗಿ ಒರೆಸಿ, ಕತ್ತರಿಸಿ, ಕೂರಿಸಿದನೆಂದರೆ ಕೇಳಿ ನನಗೇ ಮೈ ಜುಮ್ಮೆಂದಿತು. ಹಾಡನ್ನು ಆ್ಯಪುಗಳಿಗೆ ಹಾಕಬೇಕೆಂದೆ. ನಾವೇ ನೇರವಾಗಿ ಹಾಕಲು ಬರುವುದಿಲ್ಲ, ನಡುವೆ ಡಿಸ್ಟ್ರಿಬ್ಯೂಟರ್ ಎಂಬ ಕಂಪನಿ ಬೇಕು, ವರ್ಷಕ್ಕಿಷ್ಟು ಎಂದು ಕಟ್ಟಿದರೆ ಅವರು ಎಲ್ಲಾ ಆ್ಯಪುಗಳಿಗೆ ಕಳಿಸುತ್ತಾರೆ ಎಂದು ಅವನು ತಿಳಿಸಿ ಹೇಳಿದ.

"ನನ್ನ ಅಕೌಂಟ್ ಐತಿ ಮೇಡಂ. ಸುತ್ತಲಿನ ಹಾಡೋರೆಲ್ಲ ಅದರಾಗೇ ಹಾಕ್ತಾರ. ನಿಮಗ್ಯಾಕ ತಲಿನೋವು?"

ನಾನು ಹೂಂ ಎಂದೆ. ಕಾಗದ ಪತ್ರ ಏನೂ ಇಲ್ಲ. ಬಳ್ಳಾರಿಯಲ್ಲಿ ಒಂದು ಹಾಡಿಗಾಗಿ ಯಾರು ಛಾಪಾಕಾಗದ ಬರೆಸುತ್ತಾರೆ?

ಹಾಡು ಬಿಡುಗಡೆಯಾದ ಶುಕ್ರವಾರ ಆ್ಯಪ್ ತೆರೆದೆ. ಕಲಾವಿದ ಎಂಬಲ್ಲಿ ಅವನ ಹೆಸರು. ಸಂಗೀತ ಅವನದು. ನನ್ನ ಹೆಸರು ಹುಡುಕಿದೆ. ಮೂರು ಚುಕ್ಕಿ ಒತ್ತಿ, ಕ್ರೆಡಿಟ್ಸ್ ಒತ್ತಿ, ಕೆಳಗೆ ಸರಿಸಿದರೆ 'ಸಾಹಿತ್ಯ' ಎಂಬಲ್ಲಿ ಇತ್ತು. ಅಲ್ಲಿಯವರೆಗೆ ಹೋಗುವವರು ಸಾಹಿತ್ಯ ಬರೆದವರು ಮಾತ್ರ. ಹಾಡುತ್ತಿರುವುದು ನನ್ನ ದನಿ. ಅಲ್ಲಿ ನಗುತ್ತಿದ್ದದ್ದು ಅವನ ಫೋಟೋ.

ಕೇಳಲು ಹೋದೆ. ಅವನು ಚಹಾ ತರಿಸಿದ. ಫಾರಂ ತುಂಬುವಾಗ ತಪ್ಪಾಗಿದೆ, ಅಕೌಂಟು ಅವನ ಹೆಸರಿನಲ್ಲಿರುವುದರಿಂದ ಅದೇ ಬಂದುಬಿಡುತ್ತದೆ ಎಂದ. ಹಾಗಾದರೆ ತಿದ್ದು ಎಂದೆ. ಈಗ ತಿದ್ದಿದರೆ ಬಂದ ಕೇಳುಗರು ಹೋಗುತ್ತಾರೆ ಎಂದ. ಅದು ಸುಳ್ಳೆಂದು ಆಮೇಲೆ ಗೊತ್ತಾಯಿತು. ಹೆಸರು ತಿದ್ದಬಹುದು, ಹಾಡಿಗೆ ಕೊಟ್ಟ ಗುರುತಿನ ಕೋಡ್ ಅದೇ ಇದ್ದರೆ ಎಣಿಕೆ ಸಾಮಾನ್ಯವಾಗಿ ಹಾಗೇ ಇರುತ್ತದೆ. ಕೊನೆಗೆ ಅವನು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ:

"ಒಂದು ಸಲ ಕೇಳಿದ್ರ ಎಷ್ಟು ಬರ್ತೈತಿ ಅಂತ ತಿಳಿದೀರಿ? ಪೈಸಾದಾಗ ಎಣಿಸಬೇಕು ಮೇಡಂ. ಇಂಥಾದಕ್ಕ ಯಾರಾದ್ರೂ ಜಗಳಾ ಮಾಡ್ತಾರೇನ್ರಿ?"

ಕಳವಿನ ಮಾಲು ಅಗ್ಗದ್ದು, ಆದ್ದರಿಂದ ಅದು ಕಳವಲ್ಲ. ಅವನ ಲೆಕ್ಕ ಅದು. ಲೆಕ್ಕದ ಮೊದಲ ಭಾಗ ಸರಿಯಾಗಿತ್ತು, ಅದೇ ನನ್ನನ್ನು ಹೆಚ್ಚು ಉರಿಸಿತು. ಒಂದು ಕೇಳುವಿಕೆಗೆ ಇಷ್ಟೇ ಎಂಬ ದರ ಎಲ್ಲಿಯೂ ಇಲ್ಲ. ಆ್ಯಪಿಗೆ ಬಂದ ದುಡ್ಡನ್ನೆಲ್ಲ ಒಂದು ಕಡೆ ಹಾಕಿ, ಎಲ್ಲಾ ಹಾಡುಗಳ ನಡುವೆ ಕೇಳಿದಷ್ಟಕ್ಕೆ ತಕ್ಕಂತೆ ಹಂಚುತ್ತಾರೆ. ನಮ್ಮ ಕಡೆ ಬಹಳ ಜನ ಜಾಹೀರಾತು ಸಹಿಸಿಕೊಂಡು ಬಿಟ್ಟಿ ಕೇಳುವವರು, ಅವರಿಂದ ಬರುವುದು ಇನ್ನೂ ಕಡಿಮೆ. ಮೂವತ್ತು ಸೆಕೆಂಡಿಗಿಂತ ಮೊದಲೇ ದಾಟಿಸಿದರೆ ಅದು ಲೆಕ್ಕಕ್ಕೇ ಇಲ್ಲ. ಒಂದು ದೊಡ್ಡ ಆ್ಯಪಿನಲ್ಲಂತೂ ಹನ್ನೆರಡು ತಿಂಗಳಲ್ಲಿ ಸಾವಿರ ಸಲ ಕೇಳಿಸಿಕೊಳ್ಳದ ಹಾಡಿಗೆ ಒಂದು ಬಿಡಿಗಾಸೂ ಇಲ್ಲ. ಬಂದರೂ ಎರಡು ಮೂರು ತಿಂಗಳು ತಡ.

ನನಗೆ ಬೇಕಾದದ್ದು ಆ ಬಿಡಿಗಾಸಲ್ಲ. ಆ ಹಾಡು ನನ್ನ ಹೆಸರಿನಲ್ಲಿ ಇರಬೇಕಿತ್ತು. ಅದೊಂದೇ. ಡಿಸ್ಟ್ರಿಬ್ಯೂಟರಿಗೆ ಬರೆದೆ. ಹಕ್ಕು ನಿಮ್ಮದೆಂದು ತೋರಿಸುವ ಕರಾರು ಕಳಿಸಿ, ಇಲ್ಲವೇ ನಿಮ್ಮನಿಮ್ಮಲ್ಲೇ ಬಗೆಹರಿಸಿಕೊಳ್ಳಿ ಎಂಬ ಉತ್ತರ ಬಂತು. ವಕೀಲರನ್ನು ಹಿಡಿಯುವ ಶಕ್ತಿ ನನಗಿರಲಿಲ್ಲ. ಅಥವಾ ಮನಸ್ಸಿರಲಿಲ್ಲ. ವಕೀಲರು ಗೆದ್ದುಕೊಟ್ಟರೆ ಅವನಿಗೆ ನೋವಾಗುವುದಿಲ್ಲ, ಬರೀ ನ್ಯಾಯ ಸಿಗುತ್ತದೆ.

ನಾನೇ ಒಂದು ಅಕೌಂಟ್ ತೆಗೆದೆ. ಎರಡನೇ ಹಾಡು ಕಟ್ಟಿದೆ, ಅವನ ಮೊದಲನೆಯದನ್ನು, ಅಂದರೆ ನನ್ನ ಮೊದಲನೆಯದನ್ನು, ಮೀರಿಸಲು. ಮುಖಚಿತ್ರ ಮೊದಲ ಸಲ ತಿರಸ್ಕಾರವಾಯಿತು. ಫ್ಲೆಕ್ಸ್ ಮಾಡುವ ಕೈ ನೋಡಿ, ಮೂಲೆಯಲ್ಲಿ ಫೋನ್ ನಂಬರ್ ಹಾಕಿಬಿಟ್ಟಿದ್ದೆ. ನಂಬರು, ವಿಳಾಸ ಇರುವ ಚಿತ್ರವನ್ನು ಅವರು ತೆಗೆದುಕೊಳ್ಳುವುದಿಲ್ಲವಂತೆ. ಯಜಮಾನರು ನೋಡಿ, ನಂಬರ್ ಇಲ್ಲದೆ ಗಿರಾಕಿ ಹೆಂಗ ಬರ್ತಾರ ಎಂದು ನಿಜವಾಗಿಯೂ ಚಿಂತೆ ಮಾಡಿದರು.

ಗಿರಾಕಿಗಳನ್ನು ತಂದವಳು ಕುರುಗೋಡಿನಲ್ಲಿರುವ ನನ್ನ ತಂಗಿ. ಅವಳದು ಬ್ಲೌಸ್ ಹೊಲಿಯುವ ಅಂಗಡಿ. ಕೇಳುಗರನ್ನು ಕಟ್ಟುವುದು ಎಂದರೇನೆಂದು ನನಗೆ ಕಲಿಸಿದ್ದು ಯಾವ ವಿಡಿಯೋ ಪಾಠವೂ ಅಲ್ಲ, ಅವಳ ಟೇಪು. ಲಿಂಕ್ ಕಳಿಸಿದರೆ ಯಾರೂ ಒತ್ತುವುದಿಲ್ಲ ಎಂದು ಮೊದಲ ವಾರದಲ್ಲೇ ಕಂಡುಕೊಂಡಳು. ಅಳತೆ ಕೊಡಲು ಕೈ ಎತ್ತಿ ನಿಂತವರ ಮುಂದೆ ಹಾಡು ಹಚ್ಚುತ್ತಿದ್ದಳು. ಅಳತೆ ಮುಗಿಯುವವರೆಗೆ ಅವರು ಕದಲುವಂತಿಲ್ಲ. ಚೆನ್ನಾಗಿದೆ ಎಂದವರ ಫೋನನ್ನು ಅಲ್ಲೇ ಇಸಿದುಕೊಂಡು ಹಾಡನ್ನು ಅವರ ಪಟ್ಟಿಗೆ ಸೇರಿಸಿ ವಾಪಸು ಕೊಡುತ್ತಿದ್ದಳು. ಹಾಗೆ ಉಳಿಸಿಕೊಂಡವರು ಮತ್ತೆ ಕೇಳುತ್ತಾರೆ, ಹಾಗೆ ಮತ್ತೆ ಕೇಳಿದರೆ ಆ್ಯಪು ತಾನಾಗಿ ಹೊಸಬರಿಗೆ ಕೇಳಿಸುತ್ತದೆ. ಸೀಮಂತದ ರೀಲಿಗೆ ಯಾವ ಸಾಲು ಒಪ್ಪುತ್ತದೆ, ಅರಿಶಿಣದ ರೀಲಿಗೆ ಯಾವುದು ಎಂದು ಅವಳೇ ಕತ್ತರಿಸಿ ಕೊಡುತ್ತಿದ್ದಳು.

ನನ್ನ ಈ ಎರಡನೇ ಹಾಡಿನ ಆರಂಭದಲ್ಲೂ ನಲವತ್ತು ಸೆಕೆಂಡು ಬರೀ ಮಷೀನ್ ಸದ್ದಿತ್ತು. ಅದು ನನ್ನ ಕಲೆ.

"ಅಕ್ಕಾ, ಮಷೀನ್ ಸದ್ದು ಕೇಳಬೇಕಂದ್ರ ನಮ್ಮ ಅಂಗಡಿಗೇ ಬರ್ತಾರ. ಅದಕ್ಕ ಫೋನ್ ಯಾಕ?" ಎಂದಳು ತಂಗಿ. "ನಿನ್ನ ದನಿ ಬರೋದ್ರಾಗ ಮಂದಿ ಮುಂದಿನ ಹಾಡಿಗೆ ಹೋಗಿರ್ತಾರ."

ಮೂರನೇ ಸೆಕೆಂಡಿಗೆ ದನಿ ಬರುವಂತೆ ಕತ್ತರಿಸಿ ಮತ್ತೆ ಹಾಕಿದೆ. ಕಲೆ ಮೂವತ್ತೇಳು ಸೆಕೆಂಡು ಗಿಡ್ಡವಾಯಿತು. ಕೇಳುವವರು ಹೋಗದೆ ಉಳಿದರು. ಈ ಅವಮಾನವನ್ನೂ ನಾನು ಸ್ಟುಡಿಯೋದವನ ಖಾತೆಗೇ ಬರೆದೆ. ಆ ದಿನಗಳಲ್ಲಿ ಎಲ್ಲವೂ ಅಲ್ಲಿಗೇ ಹೋಗುತ್ತಿತ್ತು.

ತಂಗಿ ಒಬ್ಬೊಬ್ಬರನ್ನಾಗಿ ಕೂಡಿಸಿದ್ದು ನಾಲ್ಕು ತಿಂಗಳಲ್ಲಿ ಆರುನೂರು ಚಿಲ್ಲರೆ ಕೇಳುಗರನ್ನು. ಕೇಳುಗರ ಊರು ತೋರಿಸುವ ಪುಟದಲ್ಲಿ ಬಳ್ಳಾರಿ, ಬೆಂಗಳೂರು, ಹೈದರಾಬಾದ್ ಇರುತ್ತಿದ್ದವು. ಕುರುಗೋಡು ಒಂದು ದಿನವೂ ಕಾಣಲಿಲ್ಲ. ಅದು ಬಳ್ಳಾರಿಯ ಹೊಟ್ಟೆಯೊಳಗೇ ಸೇರಿಬಿಡುತ್ತದೆ. ಅವಳು ಅದನ್ನೂ ನಗುತ್ತಲೇ ತೆಗೆದುಕೊಂಡಳು.

ಆ ಹೊತ್ತಿಗೆ 'ನೀಲಿ' ಹಾಡು ಸಾವಿರಗಳಲ್ಲಿತ್ತು. ಯಾರೋ ಮದುಮಗಳ ಸೀರೆಯ ವಿಡಿಯೋಕ್ಕೆ ಹಾಕಿದ್ದರು, ಅದು ಹಬ್ಬಿತು. ಅವನನ್ನು ಕಾಲೇಜಿನ ಕಾರ್ಯಕ್ರಮಕ್ಕೆ ಕರೆದು ಶಾಲು ಹೊದಿಸಿದರು. ಆ ಸನ್ಮಾನದ ಫ್ಲೆಕ್ಸ್ ಮಾಡಿದವಳು ನಾನೇ. ಅವನ ಹೆಸರಿನ ಅಕ್ಷರಕ್ಕೆ ಹಳದಿ ಬಣ್ಣ ತುಂಬಿದ್ದು ನೆನಪಿದೆ. ಅದನ್ನು ಮಾಡುವಾಗ ನಾನು ಅತ್ತುಬಿಟ್ಟೆನೆಂದು ತಂಗಿಗೆ ಹೇಳಿದ್ದೆ. ಅತ್ತಿರಲಿಲ್ಲ. ಅಕ್ಷರದ ನಡುವಿನ ಅಂತರ ಸರಿ ಬರುವವರೆಗೆ ಮೂರು ಸಲ ತಿದ್ದಿದೆ.

ಇಲ್ಲಿ ಸಿರುಗುಪ್ಪದ ಅಣ್ಣ ಬರುತ್ತಾನೆ. ಒಡಹುಟ್ಟಿದವನಲ್ಲ, ಹಿಂದೆ ಆರ್ಕೆಸ್ಟ್ರಾದಲ್ಲಿ ನಾನು ಕೋರಸ್ ಹಾಡುತ್ತಿದ್ದಾಗ ಅವನು ಹಳೆಯ ಹಾಡುಗಳನ್ನು ಹಾಡುತ್ತಿದ್ದ. ಐವತ್ತು ದಾಟಿದವನು, ರೈಸ್ ಮಿಲ್ಲಿನಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾನೆ. ಅವನೂ ಒಂದೇ ಒಂದು ಹಾಡು ಮಾಡಿದ್ದ, ಅದೇ ಸ್ಟುಡಿಯೋದಲ್ಲಿ, ಅದೇ ಅಕೌಂಟಿನಲ್ಲಿ. ಕೆಂಚನಗುಡ್ಡದ ಹತ್ತಿರ ಹೊಳೆ ದಾಟಿಸುತ್ತಿದ್ದ ತನ್ನ ಅಪ್ಪನ ಮೇಲೆ ಅವನೇ ಬರೆದದ್ದು. ಅದರ ಕೇಳುಗರು ಮಿಲ್ಲಿನವರು ಮತ್ತು ಅವನ ಮೊಮ್ಮಗಳು. ಅದರಲ್ಲಿ ಮಾತ್ರ ಕಲಾವಿದ ಎಂಬಲ್ಲಿ ಅಣ್ಣನ ಹೆಸರೇ ಇತ್ತು. ಸ್ಟುಡಿಯೋದವನು ಆ ಹಾಡನ್ನು ಕದಿಯುವಷ್ಟು ದೊಡ್ಡದೆಂದು ಭಾವಿಸಿರಲಿಲ್ಲವೇನೋ. ಅಥವಾ ಹಿರಿಯನೆಂಬ ಗೌರವವೇನೋ. ಎರಡನೆಯದನ್ನು ಆಗ ನಾನು ಯೋಚಿಸಲಿಲ್ಲ.

ನನ್ನ ಸಂಕಟ ಕೇಳಿ ಅಣ್ಣ ತನ್ನ ತಲೆ ಓಡಿಸಿದ. ಮಿಲ್ಲಿನಲ್ಲಿ ಹಮಾಲರು ಧೂಳಿಗೆ ಹೆದರಿ ಫೋನುಗಳನ್ನು ಆಫೀಸು ಕೋಣೆಯ ಚಾರ್ಜಿಂಗ್ ಬೋರ್ಡಿಗೆ ಹಾಕಿ ಹೋಗುತ್ತಾರೆ. ಹನ್ನೊಂದು ಫೋನು, ಮಿಲ್ಲಿನದೇ ವೈಫೈ. ಅಣ್ಣ ಎಲ್ಲದರಲ್ಲೂ ನನ್ನ ಎರಡನೇ ಹಾಡನ್ನು ಹಚ್ಚಿ, ಮುಗಿದ ಕೂಡಲೇ ಮತ್ತೆ ಮೊದಲಾಗುವಂತೆ ಮಾಡಿ, ಸದ್ದು ಒಂದೇ ಗೀಟಿಗೆ ಇಳಿಸಿ ಬಾಯ್ಲರ್ ಕಡೆ ಹೋಗಿಬಿಡುತ್ತಿದ್ದ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಮೂರು ವಾರ. ನನಗೆ ಹೇಳಿರಲಿಲ್ಲ, ಸಂತೋಷ ಕೊಡಬೇಕೆಂದಿದ್ದನಂತೆ.

ಎಣಿಕೆ ಒಮ್ಮೆಲೇ ಏರಿತು. ನಾನು ಕುಣಿದೆ. ಆಮೇಲೆ ಒಂದು ಈಮೇಲ್ ಬಂತು: ಕೃತಕ ಕೇಳುವಿಕೆ ಕಂಡುಬಂದಿದೆ, ಹಾಡನ್ನು ತೆಗೆಯಲಾಗಿದೆ, ದಂಡ ಹಾಕಲಾಗಿದೆ, ಇದು ಎಚ್ಚರಿಕೆ. ಮಾಡಿದವರು ಯಾರೆಂಬುದು ಅವರಿಗೆ ಬೇಕಿಲ್ಲ. ಯಾರ ಅಕೌಂಟಿನ ಹಾಡೋ ಅವರದ್ದೇ ತಪ್ಪು. ತಂಗಿ ಕೂಡಿಸಿದ ಆರುನೂರು ಜನರ ಪಟ್ಟಿಗಳಲ್ಲಿ ನನ್ನ ಹಾಡು ಬೂದು ಬಣ್ಣಕ್ಕೆ ತಿರುಗಿತು. ಒತ್ತಿದರೆ ಹಾಡುವುದಿಲ್ಲ.

ಅಣ್ಣನನ್ನು ಬೈಯಲಾಗಲಿಲ್ಲ. "ತಂಗೀ, ಹಾಡು ಹೆಚ್ಚು ಕೇಳಿದ್ರ ತಪ್ಪು ಅಂತ ಯಾರಿಗೆ ಗೊತ್ತು? ಹಂಗಾದ್ರ ರೇಡಿಯೋ ಎಲ್ಲಾ ಜೇಲಿಗೆ ಹೋಗಬೇಕಿತ್ತು," ಎಂದು ಪೇಚಾಡಿದ.

ಸುದ್ದಿ ಸ್ಟುಡಿಯೋದವನಿಗೂ ಮುಟ್ಟಿತು. ರಸ್ತೆಯಲ್ಲಿ ಸಿಕ್ಕವನು ಬೈಕ್ ನಿಲ್ಲಿಸಿ, ನನ್ನನ್ನು ಸಮಾಧಾನ ಮಾಡಿದ. ಅದು ಹಂಗಿಸುವುದೋ ಸಮಾಧಾನವೋ ಎಂದು ನಾನು ಬಹಳ ದಿನ ತೂಗಿದ್ದೇನೆ. ಹಿಂದೆ ಇನ್ನೊಂದು ಹಾಡಿಗೆ ಅವನು ಯಾರೋ ಏಜೆಂಟನಿಗೆ ದುಡ್ಡು ಕೊಟ್ಟು ಕೇಳುವಿಕೆಗಳ ಪ್ಯಾಕೇಜ್ ತೆಗೆದುಕೊಂಡಿದ್ದನಂತೆ. ಅವನಿಗೂ ಇದೇ ಈಮೇಲ್ ಬಂದಿತ್ತು. ಫೋನ್ ತೆಗೆದು ತೋರಿಸಿದ.

"ನನಗೂ ಒಂದು ಬಿದ್ದೈತಿ ನೋಡ್ರಿ. ಇನ್ನೊಂದು ಬಿತ್ತಂದ್ರ ಅಕೌಂಟೇ ಬಂದ್. ಅದಕ್ಕ ಈಗ ಬಾಳ ಹುಷಾರಾಗಿ ಅದೀನಿ."

ಈ ಮಾತು ಕೇಳಿದಾಗ ನನ್ನ ತಲೆಯಲ್ಲಿ ಏನು ನಡೆಯಿತು? ಮಿಂಚಿನಂತೆ ಹೊಳೆಯಿತು ಎಂದು ಬರೆಯಬಹುದು. ಹಾಗೇನೂ ಆಗಲಿಲ್ಲ. ಅಂಗಡಿಗೆ ಹೋದೆ, ಒಂದು ಗೃಹಪ್ರವೇಶದ ಫ್ಲೆಕ್ಸ್ ಮಾಡಿದೆ, ಮಧ್ಯಾಹ್ನ ಉಂಡೆ. ಕೈ ತೊಳೆಯುವಾಗ ನಿರ್ಧಾರ ಆಗಲೇ ಮುಗಿದಿತ್ತು. ಯಾವಾಗ ಮಾಡಿದೆನೆಂದು ಹುಡುಕಿದರೆ ಸಿಗುವುದಿಲ್ಲ.

ಭಾನುವಾರ ಸಿರುಗುಪ್ಪದ ಬಸ್ಸು ಹತ್ತಿದೆ. ಅಣ್ಣನ ಮನೆಯಲ್ಲಿ ಚಹಾ ಕುಡಿಯುತ್ತಾ, ಈ ಸಲ ಹನ್ನೊಂದು ಫೋನಿನಲ್ಲೂ 'ನೀಲಿ' ಹಚ್ಚು ಎಂದೆ. ಅವನಿಗೆ ಅನುಮಾನ ಬಂತು. ಅದನ್ನೂ ತೆಗೆದುಬಿಟ್ಟರೆ ಎಂದು ಕೇಳಿದ. ಅದು ಹಳೆಯ ಹಾಡು, ಸಾವಿರಾರು ಜನ ಕೇಳಿದ್ದು, ಅದಕ್ಕೆ ಏನೂ ಆಗುವುದಿಲ್ಲ, ನನ್ನ ದನಿ ಇನ್ನಷ್ಟು ಜನಕ್ಕೆ ಮುಟ್ಟಲಿ ಎಂದೆ. ಅವನು ನಂಬಿದ. ನನ್ನ ದನಿ ಎಂದ ಮೇಲೆ ಅವನು ಬೇರೇನೂ ಕೇಳುತ್ತಿರಲಿಲ್ಲ.

ಆ ಅಕೌಂಟು ಮುಚ್ಚಿದರೆ ಅದರಲ್ಲಿರುವ ಎಲ್ಲಾ ಹಾಡುಗಳೂ ಹೋಗುತ್ತವೆ, ಅಣ್ಣನ ಹೊಳೆಯ ಹಾಡೂ ಹೋಗುತ್ತದೆ. ಇದು ನನಗೆ ಆಗ ಹೊಳೆದಿರಲಿಲ್ಲ ಎಂದು ತಂಗಿಗೆ ಹೇಳಿದ್ದೇನೆ. ಹೊಳೆದಿತ್ತು. ಬಸ್ಸಿನಲ್ಲಿ ಕುಳಿತಾಗಲೇ ಹೊಳೆದಿತ್ತು. ಭತ್ತದ ಗದ್ದೆಗಳು ಕಿಟಕಿಯ ಆಚೆ ಹೋಗುತ್ತಿದ್ದವು. ಅಣ್ಣನ ಹಾಡನ್ನು ತಿಂಗಳಿಗೆ ಎಷ್ಟು ಜನ ಕೇಳುತ್ತಾರೆ ಎಂದು ನಾನು ಫೋನಿನಲ್ಲಿ ನೋಡಿದ್ದೆ. ನಲವತ್ತೂ ಇರಲಿಲ್ಲ. ಇಷ್ಟೇ ತಾನೇ ಎಂದುಕೊಂಡೆ. ಸಣ್ಣದು, ಆದ್ದರಿಂದ ನಷ್ಟವಲ್ಲ. ಯಾರ ಬಾಯಿಯ ಲೆಕ್ಕ ಇದು ಎಂದು ಆಗ ಕೇಳಿಕೊಳ್ಳಲಿಲ್ಲ. ಕೇಳಿಕೊಂಡಿದ್ದರೂ ಬಸ್ಸು ಇಳಿಯುತ್ತಿರಲಿಲ್ಲ.

ಐದು ವಾರವಾಯಿತು. ದಿನಾ ಬೆಳಿಗ್ಗೆ ಎದ್ದ ಕೂಡಲೇ 'ನೀಲಿ' ತೆರೆದು ನೋಡುತ್ತಿದ್ದೆ. ಏರುತ್ತಿತ್ತು. ಕೆಳಗೆ ಜೀನ್ಸ್ ಮಷೀನುಗಳು ಶುರುವಾಗುತ್ತಿದ್ದವು. ನನ್ನ ದನಿಯೇ ನನ್ನ ಆಯುಧ, ಅದು ಸಿರುಗುಪ್ಪದ ಒಂದು ಕೋಣೆಯಲ್ಲಿ ಯಾರೂ ಕೇಳದೆ, ದಿನಕ್ಕೆ ಹತ್ತು ತಾಸು, ಹನ್ನೊಂದು ಬಾಯಿಯಲ್ಲಿ ಹಾಡುತ್ತಿದೆ. ಇಂಥ ಪ್ರಯೋಗವನ್ನು ನಾನು ಹಾಡಿಗೋಸ್ಕರ ಮಾಡಿದ್ದರೆ ಅದನ್ನು ಕಲೆ ಎಂದು ಕರೆಯುತ್ತಿದ್ದೆ. ಅಷ್ಟು ಸುಖವನ್ನು ಯಾವ ಹಾಡೂ ನನಗೆ ಕೊಟ್ಟಿರಲಿಲ್ಲ. ಇದನ್ನು ಮೆದು ಮಾಡಿ ಬರೆಯಲು ಎರಡು ಸಲ ಪ್ರಯತ್ನಿಸಿ ಬಿಟ್ಟೆ.

ಒಂದು ಬುಧವಾರ ಬೆಳಿಗ್ಗೆ ಹಾಡು ಬೂದು ಬಣ್ಣದಲ್ಲಿತ್ತು. ಅವನ ಪುಟಕ್ಕೆ ಹೋದೆ. ಖಾಲಿ. ಎಲ್ಲಾ ಹಾಡುಗಳೂ ಹೋಗಿದ್ದವು. ಅವನ ಫೋಟೋ ಮಾತ್ರ ಇತ್ತು, ಶಾಲು ಹೊದ್ದುಕೊಂಡು. ಮೊದಲು ತಂಗಿಗೆ ಫೋನ್ ಮಾಡಿ ನಾನು ಮಾಡಿಸಿದ್ದನ್ನು ಹೇಳಿದೆ. ಅವಳು ಸಂತೋಷಪಡಲಿಲ್ಲ. ಮದುವೆಯ ರೀಲುಗಳೆಲ್ಲ ಮೂಕವಾಗಿವೆ, ಒಬ್ಬಾಕೆ ಬೆಳಿಗ್ಗೆಯೇ ಅಂಗಡಿಗೆ ಬಂದು ನಮ್ಮ ಮದುವಿ ಹಾಡು ಎಲ್ಲಿ ಹೋತು ಎಂದು ಕೇಳಿದಳು ಎಂದಳು. ಆ ಹಾಡನ್ನೂ ಅಳತೆಗೆ ನಿಂತವರಿಗೆಲ್ಲ ಕೇಳಿಸಿ ಕೇಳಿಸಿ ಸೇರಿಸಿದ್ದವಳು ಅವಳೇ, ನನ್ನ ಹೆಸರು ಅದರಲ್ಲಿ ಇಲ್ಲದಿದ್ದರೂ. ನಾನು ಅದನ್ನು ಮರೆತಿದ್ದೆ.

"ಅವನ ಹೆಸರು ಅಳಿಸಾಕ ಹೋಗಿ ನಿನ್ನ ದನಿ ಅಳಿಸೀದಿ," ಎಂದಳು. ಆಮೇಲೆ ಗಿರಾಕಿ ಬಂದಿದ್ದಾರೆ ಎಂದು ಫೋನ್ ಇಟ್ಟಳು. ಗಿರಾಕಿ ಬಂದಿರಲಿಲ್ಲವೆಂದು ನನ್ನ ಅಂದಾಜು.

ಮಧ್ಯಾಹ್ನ ಸಿರುಗುಪ್ಪದಿಂದ ಫೋನ್ ಬಂತು. ಹಿಂದೆ ಮಿಲ್ಲಿನ ಸದ್ದು.

"ತಂಗೀ, ನನ್ನ ಹಾಡು ಕಾಣವಲ್ದು. ಮಮ್ಮಗಳ ಫೋನಿನಾಗೂ ಇಲ್ಲ. ನಾ ಏನರ ತಪ್ಪು ಗುಂಡಿ ಒತ್ತೀನೇನು?"

ಇಲ್ಲ ಎಂದೆ. ನಾನು ತರಿಸಿಕೊಡುತ್ತೇನೆ ಎಂದೆ. ಹಾಡಿನ ಮೂಲ ಫೈಲು ಅಣ್ಣನ ಬಳಿ ಇರಲಿಲ್ಲ. ಇದ್ದದ್ದು ಸ್ಟುಡಿಯೋದವನ ಹಾರ್ಡ್‌ಡಿಸ್ಕಿನಲ್ಲಿ. ನನ್ನದೂ ಅಲ್ಲೇ.

ಸಂಜೆ ಸ್ಟುಡಿಯೋಕ್ಕೆ ಹೋದೆ. ಅವನು ಗಡ್ಡ ಬಿಟ್ಟಿದ್ದ, ಅಥವಾ ನನ್ನ ನೆನಪು ಈಗ ಅವನಿಗೆ ಗಡ್ಡ ಕೊಡುತ್ತಿದೆ. ಹೊಸಪೇಟೆಯ ಯಾರೋ ಪ್ರತಿಸ್ಪರ್ಧಿ ಬಾಟ್, ಅಂದರೆ ತಾನೇ ಹಾಡು ಕೇಳುವ ಪ್ರೋಗ್ರಾಂ, ಹಚ್ಚಿ ಕೆಡಿಸಿದ್ದಾನೆ ಎಂದು ಅವನ ಗುಮಾನಿ. ಡಿಸ್ಟ್ರಿಬ್ಯೂಟರಿಗೆ ನಾಲ್ಕು ಸಲ ಬರೆದಿದ್ದನಂತೆ, ಒಂದೇ ಅಚ್ಚಿನ ಉತ್ತರ ನಾಲ್ಕು ಸಲ ಬಂದಿತ್ತಂತೆ. ನಾನು ಕುಳಿತು ಎಲ್ಲವನ್ನೂ ಕೇಳಿಸಿಕೊಂಡೆ. ಪ್ರತಿ ಮಾತೂ ರುಚಿಸಿತು.

ಅವನೇ ವಿಷಯಕ್ಕೆ ಬಂದ. 'ನೀಲಿ'ಯನ್ನು ಇನ್ನು ಅವನು ಹಾಕಲು ಬರುವುದಿಲ್ಲ. ನನ್ನ ಅಕೌಂಟಿನಲ್ಲಿ, ನನ್ನ ಹೆಸರಿನಲ್ಲೇ ಹಾಕಬೇಕು, ಹಾಡು ಸಾಯಬಾರದು ಎಂದ. ಹಳೆಯ ಕೋಡನ್ನೂ ಬರೆದುಕೊಟ್ಟ. ಎಣಿಕೆ ವಾಪಸು ಬಂದರೆ ಬರಬಹುದು, ಇಂಥ ದೂರಿನ ಮೇಲೆ ತೆಗೆದದ್ದಕ್ಕೆ ಭರವಸೆ ಇಲ್ಲ ಎಂದ. ಬದಲಿಗೆ ಪ್ರೊಡ್ಯೂಸರ್ ಎಂಬ ಜಾಗದಲ್ಲಿ ಅವನ ಹೆಸರು ಇರಲಿ, ಅಷ್ಟೇ. ಅಣ್ಣನ ಹಾಡಿನ ಫೈಲನ್ನೂ ಕೇಳಿದೆ. ಪೆನ್‌ಡ್ರೈವ್ ಚುಚ್ಚಿ ಎರಡನ್ನೂ ಕಾಪಿಗೆ ಹಾಕಿದ. ಹಳೇ ಕಂಪ್ಯೂಟರು, ಹಸಿರು ಗೆರೆ ನಿಧಾನಕ್ಕೆ ಹರಿಯುತ್ತಿತ್ತು.

ನನಗೆ ಬೇಕಾದದ್ದು ಆ ಗೆರೆಯ ಕೊನೆಯಲ್ಲಿತ್ತು. ಎರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಆದರೆ ಹೊಸಪೇಟೆಯ ಆ ಇಲ್ಲದ ಪ್ರತಿಸ್ಪರ್ಧಿಗೆ ನನ್ನ ಐದು ವಾರವನ್ನು ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ಅವನಿಗೆ ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ನಾನು ಮಾಡಿದ್ದು ಬರೀ ಅಪಘಾತ.

"ಹೊಸಪೇಟಿಯವರಲ್ಲ," ಎಂದೆ. "ನಾನು ಮಾಡಿಸಿದ್ದು. ಸಿರುಗುಪ್ಪದ ಮಿಲ್ಲಿನಾಗ, ಹನ್ನೊಂದು ಫೋನ್ ಹಚ್ಚಿ."

ಅವನು ನನ್ನ ಮುಖ ನೋಡಲಿಲ್ಲ. ಗೆರೆಯನ್ನೇ ನೋಡುತ್ತಿದ್ದ. ಪೆನ್‌ಡ್ರೈವ್ ಅವನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಕಿತ್ತು ಎಸೆಯುತ್ತಾನೆ ಎಂದು ಕಾದೆ. ಎಸೆಯಲಿ ಎಂದೇ ಕಾದೆ. ಎಸೆದಿದ್ದರೆ ನನ್ನ ಸೇಡು ಪೂರ್ತಿ ಸರಿಯಾಗುತ್ತಿತ್ತು.

"ಅವರಿಗೆ ಗೊತ್ತೇನು," ಎಂದ, "ಅವರ ಹಾಡೂ ಹೋಗ್ತೈತಿ ಅಂತ?"

ಅಣ್ಣನ ಬಗ್ಗೆ ಕೇಳಿದ್ದು. ಇಲ್ಲ ಎಂದೆ.

"ನಿಮಗ?"

ನಾನೂ ಗೆರೆಯ ಕಡೆ ತಿರುಗಿದೆ. ಉತ್ತರ ಅವನಿಗೆ ಸಿಕ್ಕಿತ್ತು. ಗೆರೆ ಮುಗಿಯಿತು. ಪೆನ್‌ಡ್ರೈವ್ ತೆಗೆದು ಮೇಜಿನ ಮೇಲಿಟ್ಟ. ಕೈಗೆ ಕೊಡಲಿಲ್ಲ.

"ನಿಮ್ಮದನ್ನ ನಾ ಕಸ್ಗೊಂಡೆ, ಒಪ್ಪೇನಿ. ಇದನ್ನ ನಾ ಮಾಡ್ತಿದ್ದಿಲ್ಲ ಮೇಡಂ," ಎಂದ. ಅಷ್ಟು ಹೇಳಿ ಹೆಡ್‌ಫೋನ್ ಹಾಕಿಕೊಂಡ.

ಅವನು ನನಗಿಂತ ಒಳ್ಳೆಯವನಾಗಿ ಎದ್ದು ನಿಂತದ್ದು ನನ್ನಿಂದ ಕ್ಷಮಿಸಲಾಗದ ಎರಡನೇ ಕಳವು. ಪೆನ್‌ಡ್ರೈವ್ ಎತ್ತಿಕೊಂಡು ಮೆಟ್ಟಿಲು ಇಳಿಯುವಾಗ ಅವನನ್ನು ಮೊದಲಿಗಿಂತ ಹೆಚ್ಚು ದ್ವೇಷಿಸುತ್ತಿದ್ದೆ.

ಮರುದಿನ ಅಂಗಡಿಗೆ ರಜೆ ಹಾಕಿ ಸಿರುಗುಪ್ಪಕ್ಕೆ ಹೋದೆ. ಅಣ್ಣನಿಗೆ ಎಲ್ಲವನ್ನೂ ಹೇಳಿದೆ, ಬಸ್ಸಿನಲ್ಲಿ ನೋಡಿದ ನಲವತ್ತರ ಲೆಕ್ಕವನ್ನೂ. ಬಾಯ್ಲರಿನ ಬಿಸಿಗೆ ಅವನ ಅಂಗಿ ಒದ್ದೆಯಾಗಿತ್ತು. ಒಲೆಗೆ ಹೊಟ್ಟು ತಳ್ಳುತ್ತಿದ್ದ. ಬೈದಿದ್ದರೆ ಬರೆಯುತ್ತಿದ್ದೆ. ಹಾಡು ವಾಪಸು ಬರುತ್ತದೇನು ಎಂದು ಮಾತ್ರ ಕೇಳಿದ. ಬರುತ್ತದೆ, ನನ್ನ ಅಕೌಂಟಿಗೆ ಆಗಲೇ ಒಂದು ಎಚ್ಚರಿಕೆ ಇದೆ, ಯಾವ ಫೋನಿನಲ್ಲೂ ಹಾಗೆ ಹಚ್ಚಬೇಡ ಎಂದೆ. "ಇನ್ನ ಒಂದೇ ಸಲ ಕೇಳ್ತೀನಿ ಬಿಡು," ಎಂದ. ತಮಾಷೆಯೆಂದು ನಾನು ನಕ್ಕೆ. ಅವನು ನಗಲಿಲ್ಲ. ಆ ದಿನದಿಂದ ಅವನು ನನ್ನನ್ನು ತಂಗಿ ಎನ್ನುವುದನ್ನು ಬಿಟ್ಟು 'ಮೇಡಂ' ಎನ್ನುತ್ತಾನೆ.

ಎರಡು ಹಾಡುಗಳ ಫಾರಂಗಳನ್ನು ಕೋಣೆಯಲ್ಲಿ ಕುಳಿತು ತುಂಬಿದೆ. ಅಣ್ಣನದು ಮೊದಲು. ಕಲಾವಿದ, ಸಾಹಿತ್ಯ, ಸಂಗೀತ: ಮೂರೂ ಕಡೆ ಅಣ್ಣನ ಹೆಸರು. ಬರುವ ಪಾಲು ಪೂರ್ತಿ ಅವನಿಗೇ ಹೋಗುವಂತೆ ಅವನ ಹೆಸರಿಗೆ ನೂರಕ್ಕೆ ನೂರು ಹಾಕಿದೆ; ಸಾವಿರ ಕೇಳುವಿಕೆ ದಾಟಿದ ದಿನ ಅದಕ್ಕೊಂದು ಅರ್ಥ ಬರಬಹುದು. ಪ್ರೊಡ್ಯೂಸರ್ ಎಂಬಲ್ಲಿ ಸ್ಟುಡಿಯೋದವನ ಪೂರ್ತಿ ಹೆಸರನ್ನು ಇನಿಷಿಯಲ್ ಸಮೇತ ಬರೆದೆ. ಆ ಹಾಡಿನಲ್ಲಿ ದೋಣಿಯ ಹುಟ್ಟು ನೀರಿಗೆ ಬೀಳುವ ಸದ್ದನ್ನು ಕೂರಿಸಿದವನು ಅವನೇ.

ಆಮೇಲೆ ನನ್ನದು. ಕಲಾವಿದೆ ನಾನು. ಹಳೆಯ ಕೋಡ್ ಹಾಕಿದೆ. ಪ್ರೊಡ್ಯೂಸರ್ ಎಂಬ ಜಾಗ ಬಂತು. ಆ ಹಾಡಿನಲ್ಲೂ ಅಷ್ಟೇ ಕೆಲಸ ಅವನದಿತ್ತು, ನಿಜ ಹೇಳಬೇಕೆಂದರೆ ಹೆಚ್ಚು. ಅದು ಕಡ್ಡಾಯದ ಜಾಗವಲ್ಲ. ದಾಟಿಕೊಂಡು ಮುಂದಿನದಕ್ಕೆ ಹೋದೆ.

ಹಾಡು ಬಂದಿದೆ. ಎಣಿಕೆ ಸೊನ್ನೆಯಿಂದ ಶುರುವಾಯಿತು, ಹಳೆಯದು ಅಂಟಿಕೊಳ್ಳಲಿಲ್ಲ. ಕುರುಗೋಡಿನಲ್ಲಿ ತಂಗಿ ಟೇಪು ಹಿಡಿದು ಮತ್ತೆ ಒಬ್ಬೊಬ್ಬರಿಗೆ ಕೇಳಿಸುತ್ತಿದ್ದಾಳೆ, ನನ್ನ ಜೊತೆ ಹೆಚ್ಚು ಮಾತಾಡದೆ. ಬಿಡುಗಡೆಯಾದ ಮೇಲೂ ಸ್ಟುಡಿಯೋದವನ ಹೆಸರು ಸೇರಿಸಬಹುದು, ಡಿಸ್ಟ್ರಿಬ್ಯೂಟರಿನ ಪುಟದಲ್ಲಿ 'ತಿದ್ದಿ' ಎಂಬ ಗುಂಡಿ ಇದೆ, ಎರಡು ನಿಮಿಷದ ಕೆಲಸ. ಕೆಲವು ಬೆಳಿಗ್ಗೆ ಆ ಪುಟ ತೆರೆಯುತ್ತೇನೆ. ಎಷ್ಟು ಜನ ಕೇಳಿದರು ಎಂದು ನೋಡುತ್ತೇನೆ. ಮುಚ್ಚುತ್ತೇನೆ.